ವಾಕ್ಯದ ವಿಧ ಕಂಡುಹಿಡಿಯೋದು: ಕ್ರಿಯಾಪದ ಎಣಿಸೋಕೆ ಮುಂಚೆ ಫುಲ್‌ಸ್ಟಾಪ್ ಇಟ್ಟು ನೋಡಿ

ಸಂಜೆ ಹೊತ್ತು ಮನೇಲಿ ಹತ್ತನೇ ಕ್ಲಾಸ್ ಮಕ್ಳಿಗೆ ಕನ್ನಡ ವ್ಯಾಕರಣ ಹೇಳಿಕೊಡ್ತೀನಿ. ಸಾಮಾನ್ಯ, ಸಂಯೋಜಿತ, ಮಿಶ್ರ ವಾಕ್ಯ ಮೂರರ ಡೆಫಿನಿಷನ್ನೂ ಎಲ್ರಿಗೂ ಬಾಯಿಪಾಠ, ಆದ್ರೆ ವಾಕ್ಯ ಕೊಟ್ಟು ಯಾವ್ದು ಅಂತ ಕೇಳಿದ್ರೆ ಅರ್ಧಕ್ಕರ್ಧ ಮಕ್ಳು ತಪ್ಪು ಬರೀತಿದ್ರು. ಯಾಕೆ ಅಂತ ಗೊತ್ತಾಗಿದ್ದು ಈ ವಾಕ್ಯ ಕೊಟ್ಟಾಗ:

"ಅಮ್ಮ ಅಕ್ಕಿ ತೊಳೆದು, ನೆನೆಸಿ, ರುಬ್ಬಿ ದೋಸೆ ಹುಯ್ದಳು."

ಎಲ್ರೂ ಸಂಯೋಜಿತ ಅಂದ್ರು. ತೊಳೆಯೋದು, ನೆನೆಸೋದು, ರುಬ್ಬೋದು, ಹುಯ್ಯೋದು, ನಾಲ್ಕು ಕೆಲ್ಸ ಇದೆಯಲ್ಲ ಮಿಸ್ ಅಂತ. ತಪ್ಪು ಅಲ್ಲೇ ಇತ್ತು, ಅವ್ರು ಕೆಲ್ಸ ಎಣಿಸ್ತಿದ್ರು, ಪೂರ್ಣ ಕ್ರಿಯಾಪದ ಎಣಿಸ್ತಿರ್ಲಿಲ್ಲ.

ಅವತ್ತಿಂದ ಒಂದೊಂದು ಕ್ರಿಯೆ ಆದ್ಮೇಲೂ ಫುಲ್‌ಸ್ಟಾಪ್ ಇಟ್ಟು ಜೋರಾಗಿ ಓದಿಸ್ತೀನಿ. "ಅಮ್ಮ ಅಕ್ಕಿ ತೊಳೆದು." ಅಂತ ನಿಲ್ಲಿಸಿದ್ರೆ ಮಗುವೇ "ತೊಳೆದು ಏನ್ ಮಾಡಿದ್ಳು?" ಅನ್ನುತ್ತೆ. ಮಾತು ಮುಗಿದಿಲ್ಲ, ಅಂದ್ರೆ ಅದು ಕೃದಂತಾವ್ಯಯ. "ಹುಯ್ದಳು" ಅಂದಾಗ ಮಾತ್ರ ಮುಗಿಯುತ್ತೆ, ಪೂರ್ಣ ಕ್ರಿಯಾಪದ ಒಂದೇ, ಹಾಗಾಗಿ ವಾಕ್ಯ ಎಷ್ಟೇ ಉದ್ದ ಇದ್ರೂ ಸಾಮಾನ್ಯ ವಾಕ್ಯ. "ಮತ್ತು" ನೋಡಿದ ತಕ್ಷಣ ಸಂಯೋಜಿತ ಅನ್ನೋದೂ ಇದೇ ಥರ ಮೋಸ, "ಅಣ್ಣ ಮತ್ತು ತಂಗಿ ಜಾತ್ರೆಗೆ ಹೋದರು" ಅನ್ನೋದ್ರಲ್ಲಿ ಕೂಡಿರೋದು ಎರಡು ಹೆಸ್ರು, ಎರಡು ವಾಕ್ಯ ಅಲ್ಲ.

ಎರಡು ಕಡೆ ಮಾತು ಮುಗಿದ್ರೆ ಇನ್ನೊಂದು ಹೆಜ್ಜೆ ಇದೆ. "ಜೋರು ಮಳೆ ಬಂತು, ಆದ್ದರಿಂದ ಆಟ ನಿಂತಿತು." ನಡುವೆ ಇರೋ "ಆದ್ದರಿಂದ" ತೆಗೆದು ನೋಡಿ, ಎರಡೂ ತುಂಡು ತಮ್ಮ ಪಾಡಿಗೆ ತಾವು ನಿಲ್ತವೆ, ಸಂಯೋಜಿತ. ಈಗ "ನಾಳೆ ಮಳೆ ಬರುತ್ತದೆ ಎಂದು ಅಜ್ಜಿ ಹೇಳಿದಳು." ಮೊದಲ ತುಂಡು ನಿಲ್ಲುತ್ತೆ, ಆದ್ರೆ "ಅಜ್ಜಿ ಹೇಳಿದಳು" ಅಂತ ಬಿಟ್ರೆ "ಏನಂತ?" ಅಂತ ಕೇಳ್ಲೇಬೇಕು. ಆ "ಏನಂತ"ಗೆ ಉತ್ತರವಾಗಿ ನಿಂತಿರೋದು ಅಧೀನ ವಾಕ್ಯ, "ಅಜ್ಜಿ ಹೇಳಿದಳು" ಪ್ರಧಾನ, ಒಟ್ಟಿಗೆ ಮಿಶ್ರ. "ಯಾರು ಬೇಗ ಬರುತ್ತಾರೋ ಅವರಿಗೆ ಮುಂದಿನ ಸೀಟು" ಇದೂ ಅಷ್ಟೆ, "ಅವರಿಗೆ" ಅಂದ್ರೆ ಯಾರಿಗೆ ಅನ್ನೋದು ಮೊದಲ ತುಂಡಲ್ಲೇ ಇದೆ. ಅಲ್ಲಿ ಕೊನೇಲಿ ಕ್ರಿಯಾಪದ ಕಾಣ್ತಿಲ್ವಲ್ಲ ಅಂತ ಒಬ್ಬ ಹುಡುಗ ಕೇಳಿದ, ಒಳ್ಳೆ ಪ್ರಶ್ನೆ. "ಸಿಗುತ್ತದೆ" ಅಧ್ಯಾಹಾರ, ಹೇಳದೇನೆ ತಿಳಿಯುತ್ತೆ, ಅದನ್ನ ಸೇರಿಸ್ಕೊಂಡೇ ಎಣಿಸಬೇಕು.

ಈ ಟೆಸ್ಟ್ ತಡವರಿಸೋದು ಒಂದು ಕಡೆ. "ಮಳೆ ಬಂದದ್ದರಿಂದ ಆಟ ನಿಂತಿತು." ಫುಲ್‌ಸ್ಟಾಪ್ ಲೆಕ್ಕದಲ್ಲಿ ಪೂರ್ಣ ಕ್ರಿಯಾಪದ ಒಂದೇ, ಸಾಮಾನ್ಯ. ಆದ್ರೆ ಬಂದಿದ್ದು ಮಳೆ, ನಿಂತಿದ್ದು ಆಟ, ಕರ್ತೃ ಬೇರೆ ಬೇರೆ, ಅದಕ್ಕೇ ಇದನ್ನ ಮಿಶ್ರ ಅನ್ನೋರೂ ಇದಾರೆ. ನಾನು ಸಾಮಾನ್ಯ ಅಂತಾನೇ ಹೇಳಿಕೊಡ್ತೀನಿ, ಜೊತೆಗೆ ಉತ್ತರದ ಪಕ್ಕ "ಪೂರ್ಣ ಕ್ರಿಯಾಪದ: ನಿಂತಿತು, ಒಂದೇ" ಅಂತ ಕಾರಣ ಬರೆಸ್ತೀನಿ, ತಿದ್ದೋರಿಗೆ ಮಗು ಯಾವ ಲೆಕ್ಕ ಹಿಡಿದಿದೆ ಅಂತ ಗೊತ್ತಾಗ್ಲಿ.