ಕೆಲ್ವಿನ್ ಅಂಡ್ ಹ್ಯೂಸ್, 1917: ಒಂದು ಸೆಕ್ಸ್‌ಟಂಟಿನ ಪರೀಕ್ಷೆ

ಹಡಗಿನ ಡೆಕ್ ಅಧಿಕಾರಿಯಾಗಿ ದುಡಿದು ಕಾರವಾರಕ್ಕೆ ಮರಳಿದ ಮೇಲೆ, ಹಳೆಯ ನೌಕಾ ಉಪಕರಣಗಳನ್ನು ತೋರಿಸಲು ಕರಾವಳಿಯ ಹಲವರು ನನ್ನಲ್ಲಿಗೆ ಬರುತ್ತಾರೆ. ಅವುಗಳಲ್ಲಿ ಪದೇ ಪದೇ ಎದುರಾಗುವುದು ‘ಕೆಲ್ವಿನ್ ಅಂಡ್ ಹ್ಯೂಸ್, ಲಂಡನ್, 1917’ ಎಂದು ಕೆತ್ತಿದ, ಥಳಥಳಿಸುವ ಹಿತ್ತಾಳೆಯ ಸೆಕ್ಸ್‌ಟಂಟ್, ಅಂದರೆ ಹಡಗಿನ ಸ್ಥಾನ ತಿಳಿಯಲು ಸೂರ್ಯ, ನಕ್ಷತ್ರಗಳ ಎತ್ತರವನ್ನು ಕೋನದಲ್ಲಿ ಅಳೆಯುವ ಉಪಕರಣ. ಗೋಕರ್ಣದ ಬಳಿ ಹೋಮ್‌ಸ್ಟೇ ನಡೆಸುವವರೊಬ್ಬರು ಅಂಥದ್ದನ್ನೇ ತಂದು, “ನೋಡಿ, ಹೆಸರೂ ಇದೆ, ಇಸವಿಯೂ ಇದೆ, ಇನ್ನೇನು ಬೇಕು?” ಎಂದು ಕೇಳಿದರು. ಆ ಹೆಸರು ಮತ್ತು ಇಸವಿ ಜೊತೆಯಾಗಿ ಇರುವುದೇ ಅದರ ತೊಡಕು. ಹೆನ್ರಿ ಹ್ಯೂಸ್ ಲಂಡನ್ನಿನ ಸಂಸ್ಥೆ, ಕೆಲ್ವಿನ್ ಹೆಸರಿನದು ಗ್ಲಾಸ್ಗೋದ ಬೇರೆ ಸಂಸ್ಥೆ. ಎರಡೂ ಕೂಡಿ ಕೆಲ್ವಿನ್ ಅಂಡ್ ಹ್ಯೂಸ್ ಆದದ್ದು 1947ರಲ್ಲಿ. 1917ರಲ್ಲಿ ಆ ಹೆಸರನ್ನು ಕೆತ್ತಲು ಯಾರಿಗೂ ಕಾರಣವಿರಲಿಲ್ಲ. ಮೇಲಾಗಿ, ಅಸಲಿ ಸೆಕ್ಸ್‌ಟಂಟಿನಲ್ಲಿ ಸಾಮಾನ್ಯವಾಗಿ ತಯಾರಕರ ಹೆಸರು ಮತ್ತು ಕ್ರಮಸಂಖ್ಯೆ ಇರುತ್ತವೆ; ಇಸವಿ ಸಿಗುವುದು ಹೆಚ್ಚಾಗಿ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ ಪರೀಕ್ಷಾ ಪ್ರಮಾಣಪತ್ರದಲ್ಲಿ. ಆ ಪತ್ರದ ಸಂಖ್ಯೆಯೂ ಉಪಕರಣದ ಸಂಖ್ಯೆಯೂ ಒಂದೇ ಆಗಿರಬೇಕು.

ಆದರೂ ಹೆಸರೊಂದನ್ನೇ ನೆಚ್ಚಿ ತೀರ್ಪು ಕೊಡುವ ರೂಢಿ ನನಗಿಲ್ಲ. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸಿ, ಅಕ್ಷರದ ತಳವನ್ನು ನೋಡುತ್ತೇನೆ. ಕೈಯಿಂದ ಉಳಿಯಲ್ಲಿ ಕೆತ್ತಿದ ಗೆರೆ ಕೆಳಗೆ ಚೂಪಾಗಿ ಇಳಿದು, ತುದಿಯಲ್ಲಿ ಸಣ್ಣದಾಗುತ್ತಾ ಮಾಯವಾಗುತ್ತದೆ; ಒಂದೇ ಅಕ್ಷರ ಎರಡು ಕಡೆ ಬಂದಾಗ ಅವೆರಡೂ ತದ್ರೂಪವಾಗಿರುವುದಿಲ್ಲ. ಗೋಕರ್ಣದವರ ಉಪಕರಣದಲ್ಲಿ ಗೆರೆಯ ತಳ ಚಪ್ಪಟೆಯಾಗಿತ್ತು, ಆರಂಭದಿಂದ ಕೊನೆಯವರೆಗೆ ಒಂದೇ ಆಳವಿತ್ತು, ತುದಿಗಳು ದುಂಡಗಿದ್ದವು. ಅದು ತಿರುಗುವ ಯಂತ್ರದ ಮೊನೆಯ ಗುರುತು.

ಇದಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹವಾದದ್ದು ಮಾಪಕದ ಕಮಾನು, ಏಕೆಂದರೆ ಹೆಸರನ್ನು ಯಾರೂ ಕೆತ್ತಬಹುದು, ಕೋನದ ಅಂಶಗಳನ್ನು ಸರಿಯಾಗಿ ಹಂಚುವುದು ಎಲ್ಲರಿಗೂ ಸಾಧ್ಯವಿಲ್ಲ. ಸೆಕ್ಸ್‌ಟಂಟಿನ ಕನ್ನಡಿ ಕಿರಣವನ್ನು ಪ್ರತಿಫಲಿಸುವಾಗ ಕೋನ ಇಮ್ಮಡಿಯಾಗುವುದರಿಂದ, 120 ಎಂದು ಬರೆದಿರುವಲ್ಲಿ ಕನ್ನಡಿ ಹೊತ್ತ ತೋಳು ನಿಜವಾಗಿ ತಿರುಗಿರುವುದು 60 ಅಂಶ ಮಾತ್ರ. 60 ಅಂಶದ ಕಮಾನಿನ ಜ್ಯಾ ತ್ರಿಜ್ಯದಷ್ಟೇ ಇರುತ್ತದೆಂಬುದನ್ನು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಹಾಗಾಗಿ ಕೈವಾರದ ಒಂದು ಮೊನೆಯನ್ನು ತೋಳು ತಿರುಗುವ ಕೀಲಿನ ನಡುವಿಗೂ ಇನ್ನೊಂದನ್ನು ಮಾಪಕದ ಗೆರೆಗಳ ಒಳತುದಿಗೂ ಹೊಂದಿಸಿ, ಅದೇ ಅಗಲವನ್ನು ಸೊನ್ನೆಯ ಗೆರೆಯ ಒಳತುದಿಯಿಂದ ಮಾಪಕದ ಮೇಲೆ ಇಟ್ಟರೆ, ಎರಡನೆಯ ಮೊನೆ 120ರ ಮೇಲೆಯೇ ಕೂರಬೇಕು. ಅಂದು ಅದು 117ರ ಹತ್ತಿರ ಬಿತ್ತು. ಸುಮಾರು 10 ಸೆಂಟಿಮೀಟರ್ ತ್ರಿಜ್ಯದ ಆ ಪುಟ್ಟ ಉಪಕರಣದಲ್ಲಿ ಇದು ಎರಡು ಮಿಲಿಮೀಟರಿಗೂ ಮಿಕ್ಕ ತಪ್ಪು. ಇಂಥ ಮಾಪಕದಿಂದ ಸೂರ್ಯನ ಎತ್ತರವನ್ನು ಅಳೆಯಹೊರಟವನು ಹಡಗಿನ ಸ್ಥಾನವನ್ನು ನೂರಾರು ಕಿಲೋಮೀಟರ್ ತಪ್ಪಾಗಿ ಹೇಳಿಯಾನು.

ಅಂಶದ ಸಣ್ಣ ಭಾಗಗಳನ್ನು ಓದಲು ತೋಳಿನ ತುದಿಯಲ್ಲಿರುವ ಪುಟ್ಟ ಮಾಪಕ, ವರ್ನಿಯರ್ ಕೂಡ ಅದೇ ಕಥೆಯನ್ನು ಹೇಳಿತು. ಅದರ ಸೊನ್ನೆಯನ್ನು ಮುಖ್ಯ ಮಾಪಕದ ಯಾವುದೇ ಗೆರೆಗೆ ಕೂಡಿಸಿದಾಗ ಕೊನೆಯ ಗೆರೆಯೂ ಇನ್ನೊಂದು ಗೆರೆಯೊಡನೆ ಕೂಡಬೇಕು, ನಡುವಿನ ಯಾವ ಗೆರೆಯೂ ಕೂಡಬಾರದು. ಕಮಾನಿನ ಎರಡು ತುದಿಯಲ್ಲೂ ಮಧ್ಯದಲ್ಲೂ ಇದು ಹೀಗೆಯೇ ಇರಬೇಕು. ಇಲ್ಲಿ ಎಲ್ಲಿಯೂ ಅದು ಹೊಂದಲಿಲ್ಲ. ಉತ್ತರದ ರೂರ್ಕಿಯಂಥ ಊರುಗಳಲ್ಲಿ ಅಲಂಕಾರಕ್ಕೆಂದೇ ಇಂಥವನ್ನು ಮಾಡುತ್ತಾರೆ. ಅದರಲ್ಲಿ ತಪ್ಪಿಲ್ಲ, ಅಲಂಕಾರದ ಬೆಲೆಗೇ ಕೊಂಡರಾಯಿತು ಎಂದು ಅವರಿಗೆ ತಿಳಿಸಿದೆ.

ಈ ಪರೀಕ್ಷೆಗಳಿಗೂ ಮಿತಿಯಿದೆ. ಮಾಪಕ ಸರಿಯಿದ್ದ ಮಾತ್ರಕ್ಕೆ ವಸ್ತು ಹಳೆಯದೆಂದಲ್ಲ, ಅದು ಕೆಲಸಕ್ಕೆ ಮಾಡಿದ್ದೆಂದಷ್ಟೇ. ಅಸಲಿ ವಸ್ತುವಿನಲ್ಲಿಯೂ ದೊಡ್ಡದಾಗಿ ಕಾಣುವ ಹೆಸರು ಎಷ್ಟೋ ಬಾರಿ ಬಂದರಿನ ವ್ಯಾಪಾರಿಯದ್ದಾಗಿರುತ್ತದೆ. ಅಂಕೋಲೆಯ ಮನೆಯೊಂದರಲ್ಲಿ ಕಂಡ ಕರಿಮರದ ಚೌಕಟ್ಟಿನ, ಹಿತ್ತಾಳೆ ತೋಳಿನ, ಸೆಕ್ಸ್‌ಟಂಟಿಗಿಂತ ಹಿಂದಿನ ಅದೇ ಬಗೆಯ ಉಪಕರಣವಾದ ಆಕ್ಟಂಟಿನಲ್ಲಿ ಅಡ್ಡಪಟ್ಟಿಯ ಮೇಲೆ ಒಬ್ಬನ ಹೆಸರಿತ್ತು. ದಂತದ ಮಾಪಕದ ನಡುವೆ ಮಾತ್ರ ಎಸ್.ಬಿ.ಆರ್. ಎಂಬ ಸಣ್ಣ ಅಕ್ಷರಗಳಿದ್ದವು. ಅದು ಲಂಡನ್ನಿನ ಸ್ಪೆನ್ಸರ್, ಬ್ರೌನಿಂಗ್ ಅಂಡ್ ರಸ್ಟ್ ಸಂಸ್ಥೆಯ ಗುರುತು. ಅವರು ಅಂಶ ಹಾಕಿಕೊಟ್ಟ ಉಪಕರಣಗಳನ್ನು ಬೇರೆಯವರು ತಮ್ಮ ಹೆಸರಿನಲ್ಲಿ ಮಾರುತ್ತಿದ್ದರು. ಹದಿನೆಂಟನೆಯ ಶತಮಾನದ ಲಂಡನ್ನಿನ ಉಪಕರಣ ತಯಾರಕ ಜೆಸ್ಸಿ ರಾಮ್ಸ್‌ಡೆನ್ನನ ಯಂತ್ರದಲ್ಲಿ ಅಂಶ ಹಾಕಿದ ಮಾಪಕದ ಮೇಲೆ ಇದೇ ರೀತಿ ಲಂಗರಿನ ಚಿತ್ರವೂ ಅದರ ಇಕ್ಕೆಲಗಳಲ್ಲಿ ಐ ಮತ್ತು ಆರ್ ಎಂಬ ರೋಮನ್ ಅಕ್ಷರಗಳೂ ಇರುತ್ತವೆ.

ತೋರಿಸಲು ತರುವ ಮುನ್ನ ದಯವಿಟ್ಟು ಹುಣಸೆಹುಳಿಯಿಂದ ತಿಕ್ಕಬೇಡಿ. ಕೆಲಸದ ಸೆಕ್ಸ್‌ಟಂಟಿಗೆ ಬಿಸಿಲು ಕಣ್ಣಿಗೆ ಹೊಡೆಯದಂತೆ ಕಪ್ಪು ಲೇಪ ಕೊಟ್ಟಿರುತ್ತಾರೆ, ಗೆರೆಗಳಲ್ಲಿ ಕಪ್ಪು ತುಂಬಿರುತ್ತಾರೆ. ಹುಳಿ ಹಾಕಿ ತಿಕ್ಕಿದರೆ ಮೊದಲು ಹೋಗುವುದು ಅವೆರಡೇ. ಮುಂದೆ ಮಾಪಕದ ಬೆಳ್ಳಿಪಟ್ಟಿಯ ಮೇಲಿನ ಕೂದಲೆಳೆಯ ಗೆರೆಗಳೂ ಸವೆದು, ಪರೀಕ್ಷಿಸಲು ಏನೂ ಉಳಿಯುವುದಿಲ್ಲ.