ಪೇಮೆಂಟ್ ‘ಪೆಂಡಿಂಗ್’ ಅಂದಾಗ: ಮತ್ತೆ ಕಟ್ಟೋದಾ, ಕಾಯೋದಾ, ಬ್ಯಾಂಕಿಗೆ ಹೇಳೋದಾ?

ಮಂಡ್ಯದ ಬೆಲ್ಲವನ್ನು ಆನ್‌ಲೈನ್‌ನಲ್ಲಿ ಮಾರುವ ಸಣ್ಣ ಅಂಗಡಿಯೊಂದರಲ್ಲಿ ಆರ್ಡರು, ಪಾವತಿ ತಾಳೆ ನೋಡುವುದು ನನ್ನ ಕೆಲಸ. ಗಿರಾಕಿಗಳಿಂದ ಬರುವ ಫೋನುಗಳಲ್ಲಿ ಬಹುಪಾಲು ಇದೇ: “ಸಾರ್, ಪೆಂಡಿಂಗ್ ಅಂತ ತೋರಿಸ್ತಾ ಅದೆ, ಇನ್ನೊಂದ್ಸಲ ಹಾಕ್ಬುಡ್ಲಾ?” ಅದಕ್ಕೆ ನಾನು ತಿರುಗಿಸಿ ಎರಡು ಪ್ರಶ್ನೆ ಕೇಳುತ್ತೇನೆ. ಪಿನ್ ಒತ್ತಿದ್ರಾ? ಖಾತೆಯಿಂದ ದುಡ್ಡು ಹೋಗಿದೆಯಾ? ಇಲ್ಲಿ ಬರೆಯುತ್ತಿರುವುದು ಯುಪಿಐ ಪಾವತಿಯ ಬಗ್ಗೆ ಮಾತ್ರ. ನಮ್ಮಲ್ಲಿಗೆ ಬರುವ ತಕರಾರು ಹೆಚ್ಚಾಗಿ ಅದರದೇ.

ಪೆಂಡಿಂಗ್ ಎಂಬ ಒಂದೇ ಪದ ಬೇರೆ ಬೇರೆ ತೊಂದರೆಗಳಿಗೆ ಬಳಕೆಯಾಗುತ್ತದೆ, ತಲೆಬಿಸಿ ಶುರುವಾಗುವುದೇ ಅಲ್ಲಿ. ಪಿನ್ ಒತ್ತಿದ ಮೇಲೆ ಕೋರಿಕೆ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯ ಮೂಲಕ ಮೊದಲು ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿ ಹಣ ಕಡಿತವಾಗುತ್ತದೆ. ಆಮೇಲೆ ಅಂಗಡಿಯ ಕಡೆಯ ಬ್ಯಾಂಕಿಗೆ ಜಮೆ ಮಾಡಲು ಸೂಚನೆ ಹೋಗುತ್ತದೆ. ಅಲ್ಲಿಂದ ಬಂದ ಉತ್ತರ ಅಂಗಡಿಯ ಪರವಾಗಿ ಆನ್‌ಲೈನ್ ಪಾವತಿ ಪಡೆಯುವ ಪೇಮೆಂಟ್ ಗೇಟ್‌ವೇಗೆ, ಗೇಟ್‌ವೇಯಿಂದ ಅಂಗಡಿಯ ವೆಬ್‌ಸೈಟಿಗೆ ಮುಟ್ಟಬೇಕು. ಈ ದಾರಿಯಲ್ಲಿ ಎಲ್ಲಿ ಉತ್ತರ ತಡವಾದರೂ ಪರದೆಯ ಮೇಲೆ ಕಾಣುವುದು ಪೆಂಡಿಂಗ್ ಎಂದೇ. ಎಲ್ಲಿ ನಿಂತಿದೆ ಎಂದು ಗೊತ್ತಾದರೆ ಏನು ಮಾಡಬೇಕೆಂಬುದೂ ಗೊತ್ತಾಗುತ್ತದೆ.

ಪಿನ್ ಒತ್ತುವ ಮುಂಚೆಯೇ ಪುಟ ನಿಂತುಹೋಗಿದ್ದರೆ ಚಿಂತೆಯಿಲ್ಲ, ಹಣ ಹೋಗಿರುವುದಿಲ್ಲ. ಹಳೆಯ ಕ್ಯೂಆರ್ ಅಥವಾ ಆ್ಯಪ್‌ನಲ್ಲಿ ಕಾದು ಕೂತಿರುವ ಕೋರಿಕೆಯನ್ನು ಬಿಟ್ಟು, ಆರ್ಡರನ್ನು ಹೊಸದಾಗಿ ಶುರುಮಾಡಿ ಕಟ್ಟಿ. ಸಣ್ಣ ಮೊತ್ತಗಳಿಗೆ ಬಳಸುವ ಯುಪಿಐ ಲೈಟ್‌ಗೆ ಮಾತ್ರ ಈ ಮಾತು ಹೊಂದುವುದಿಲ್ಲ. ಅದಕ್ಕೆ ಪಿನ್ ಬೇಡ, ಕಡಿತ ಕಾಣುವುದು ಆ್ಯಪ್‌ನ ಲೈಟ್ ಬ್ಯಾಲೆನ್ಸ್‌ನಲ್ಲಿ.

ಪಿನ್ ಒತ್ತಿಯಾಗಿದ್ದರೆ ಆ್ಯಪ್ ಏನನ್ನುತ್ತದೆ ಎನ್ನುವುದಕ್ಕಿಂತ ಬ್ಯಾಂಕಿನ ಮಿನಿ ಸ್ಟೇಟ್‌ಮೆಂಟ್ ನೋಡಿ. ಎಸ್ಸೆಮ್ಮೆಸ್ ನಂಬಿ ಕೂರಬೇಡಿ, ಕೆಲವೊಮ್ಮೆ ಕಡಿತವಾಗಿ ಎಷ್ಟೋ ಹೊತ್ತಿನ ಮೇಲೆ ಬರುತ್ತದೆ, ಬರದೆಯೂ ಇರುತ್ತದೆ. ಬ್ಯಾಲೆನ್ಸನ್ನೇ ಮತ್ತೆ ಮತ್ತೆ ನೋಡುವುದರಿಂದಲೂ ಪ್ರಯೋಜನ ಕಡಿಮೆ. ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲ ಎಂಬ ಮಿತಿ 2025ರಿಂದ ಇದೆ ಎನ್ನುವುದು ಹಾಗಿರಲಿ, ಮಧ್ಯೆ ಇನ್ನೊಂದು ಜಮೆಯೋ ಖರ್ಚೋ ಬಂದರೆ ಬರೀ ಮೊತ್ತದಿಂದ ಏನೂ ತಿಳಿಯುವುದಿಲ್ಲ. ಹುಡುಕಬೇಕಾದದ್ದು ಕಡಿತದ ಸಾಲು, ಅದರ ಜೊತೆಗಿರುವ 12 ಅಂಕಿಯ ಯುಪಿಐ ರೆಫರೆನ್ಸ್ ಸಂಖ್ಯೆ.

ಸ್ಟೇಟ್‌ಮೆಂಟ್‌ನಲ್ಲಿ ಕಡಿತವಿಲ್ಲ, ಆ್ಯಪ್ ಕೂಡ ‘ಫೇಲ್ಡ್’ ಎಂದು ಖಚಿತವಾಗಿ ಹೇಳಿದೆ ಎಂದರೆ ಧಾರಾಳವಾಗಿ ಮತ್ತೆ ಕಟ್ಟಿ. ಕಡಿತವಿಲ್ಲ, ಆದರೆ ಆ್ಯಪ್ ಇನ್ನೂ ‘ಪ್ರೊಸೆಸಿಂಗ್’ ಎನ್ನುತ್ತಿದೆ ಎಂದರೆ ತಡೆಯಿರಿ. ನಿಮ್ಮ ಬ್ಯಾಂಕಿನ ಸರ್ವರ್ ನಿಧಾನವಾಗಿದ್ದರೆ ಕಡಿತ ತಡವಾಗಿ ಬೀಳಬಹುದು. ಸಮಯ ಮೀರಿ ಕಡಿತವಾದದ್ದು ಹೆಚ್ಚಾಗಿ ತಾನಾಗಿಯೇ ವಾಪಸಾಗುತ್ತದೆ, ಆದರೆ ಆ ನಡುವೆ ನೀವು ಮತ್ತೆ ಕಟ್ಟಿದ್ದರೆ ಅಷ್ಟು ಹೊತ್ತು ಎರಡು ಪಟ್ಟು ದುಡ್ಡು ಸಿಕ್ಕಿಕೊಂಡಿರುತ್ತದೆ.

ಗೊಂದಲ ಜಾಸ್ತಿ ಇರುವುದು ಕಡಿತವಾಗಿ ಆರ್ಡರ್ ಆಗದಿದ್ದಾಗ. ಮೈಸೂರಿನ ಗಿರಾಕಿಯೊಬ್ಬರು ಶನಿವಾರ ರಾತ್ರಿ 1,180 ರೂಪಾಯಿಯ ಆರ್ಡರ್ ಹಾಕಿದ್ದಾರೆ ಎನ್ನಿ. ಸ್ಟೇಟ್‌ಮೆಂಟ್‌ನಲ್ಲಿ ಕಡಿತ ಇದೆ, ನಮ್ಮ ಪುಟ ಪೆಂಡಿಂಗ್ ಎನ್ನುತ್ತಿದೆ. ಅವರು ಸ್ಕ್ರೀನ್‌ಶಾಟ್ ಕಳಿಸಿದರೆ ನನಗೆ ಉಪಯೋಗವಿಲ್ಲ. 12 ಅಂಕಿಯ ಸಂಖ್ಯೆ, ಮೊತ್ತ, ವೇಳೆ ಕೊಟ್ಟರೆ ಸಾಕು, ಗೇಟ್‌ವೇ ಡ್ಯಾಶ್‌ಬೋರ್ಡ್‌ನಲ್ಲಿ ಹುಡುಕುತ್ತೇನೆ. ಸಂಖ್ಯೆ ಅಲ್ಲಿ ಸಿಕ್ಕಿ ಪಾವತಿ ಯಶಸ್ವಿ ಎಂದಿದ್ದರೆ ಹಣ ನಮ್ಮ ಕಡೆ ಬಂದಾಗಿದೆ, ನಮ್ಮ ವೆಬ್‌ಸೈಟಿಗೆ ಸುದ್ದಿ ಮುಟ್ಟಿಲ್ಲ ಅಷ್ಟೇ. ಆಗ ಆರ್ಡರನ್ನು ಕೈಯಾರೆ ಖಚಿತಪಡಿಸುತ್ತೇನೆ, ಇಲ್ಲವೇ ರಿಫಂಡ್ ಹಾಕುತ್ತೇನೆ. ಈ ಹಂತದಲ್ಲಿ ಬ್ಯಾಂಕಿಗೆ ಹೋದರೆ ಅಲ್ಲಿನವರು “ನಿಮ್ಮ ವಹಿವಾಟು ಯಶಸ್ವಿಯಾಗಿದೆ, ಅಂಗಡಿಯವರನ್ನು ಕೇಳಿ” ಎನ್ನುತ್ತಾರೆ. ಅವರು ಹೇಳುವುದು ಸರಿಯೇ.

ಸಂಖ್ಯೆ ಸಿಗದಿದ್ದರೆ ಹಣ ದಾರಿಯಲ್ಲಿದೆ. ನಮ್ಮ ಕಡೆಯ ಬ್ಯಾಂಕು ಸಮಯಕ್ಕೆ ಉತ್ತರ ಕೊಡದಿದ್ದಾಗ ಹೀಗಾಗುತ್ತದೆ. ಜಮೆ ಆಗಿಯೂ ಇರಬಹುದು, ಆಗದೆಯೂ ಇರಬಹುದು. ಬ್ಯಾಂಕುಗಳು ಲೆಕ್ಕ ತಾಳೆ ನೋಡಿದಾಗಲೇ ಇತ್ಯರ್ಥ. ಈಗ ಮಾಡಬೇಕಾದದ್ದು ಕಾಯುವುದು, ಅದಕ್ಕೆ ಗಡುವೂ ಇದೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ಖಾತೆಯಿಂದ ಹಣ ಕಡಿತವಾಗಿ ಅಂಗಡಿಗೆ ಖಚಿತ ಸುದ್ದಿ ಬಾರದಿದ್ದರೆ ವಹಿವಾಟಿನ ದಿನದ ನಂತರ 5 ದಿನದೊಳಗೆ ಹಣ ತಾನಾಗಿ ವಾಪಸಾಗಬೇಕು. ಲೆಕ್ಕ ಕ್ಯಾಲೆಂಡರ್ ದಿನಗಳದು, ಭಾನುವಾರವೂ ಸೇರುತ್ತದೆ. ಹಾಗಾಗಿ ಶನಿವಾರದ ಪಾವತಿಗೆ ಗಡುವು ಗುರುವಾರ. ಶುಕ್ರವಾರದಿಂದ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ, ಗ್ರಾಹಕ ಕೇಳದಿದ್ದರೂ ಕೊಡಬೇಕು ಎಂದಿದೆ. ನೆಂಟರಿಗೋ ಸ್ನೇಹಿತರಿಗೋ ನೇರವಾಗಿ ಕಳಿಸಿದ ಹಣಕ್ಕೆ ಇದೇ ಗಡುವು 1 ದಿನ. ಅಂಗಡಿ ಪಾವತಿಗೆ ಮರುದಿನವೇ ಬ್ಯಾಂಕಿನವರ ಜೊತೆ ಜಗಳಕ್ಕೆ ನಿಲ್ಲುವವರು ಸಾಮಾನ್ಯವಾಗಿ ಈ ಎರಡನ್ನು ಬೆರೆಸಿಕೊಂಡಿರುತ್ತಾರೆ.

ಕಾಯಲಾಗದ ಸಂದರ್ಭವೂ ಇರುತ್ತದೆ. ಬೆಲ್ಲ ನಾಲ್ಕು ದಿನ ತಡವಾದರೆ ನಷ್ಟವಿಲ್ಲ. ಇವತ್ತು ರಾತ್ರಿಯೇ ಕೊನೆಯ ಗಳಿಗೆ ಇರುವ ಪರೀಕ್ಷಾ ಶುಲ್ಕಕ್ಕೆ ಆ ಮಾತು ನಡೆಯುವುದಿಲ್ಲ. ಅಲ್ಲಿ ಎರಡು ಸಲ ಕಟ್ಟಿ ಒಂದನ್ನು ವಾಪಸ್ ಪಡೆಯುವುದೇ ಲೇಸು ಎನ್ನುವುದು ನನ್ನ ಅಭಿಪ್ರಾಯ. ಹಾಗೆ ಮಾಡುವಾಗ ಬೇರೆ ಬ್ಯಾಂಕಿನ ಖಾತೆಯಿಂದ ಕಟ್ಟಿ, ಮೊದಲನೆಯ ಪಾವತಿಯ ಸಂಖ್ಯೆ ಬರೆದಿಟ್ಟುಕೊಳ್ಳಿ. ಆ್ಯಪ್ ಬದಲಿಸಿ ಅದೇ ಖಾತೆಯಿಂದ ಕಟ್ಟಿದರೆ ಸಾಗುವುದು ಅದೇ ಬ್ಯಾಂಕಿನ ದಾರಿಯಲ್ಲಿ, ತೊಂದರೆ ಅಲ್ಲೇ ಇದ್ದರೆ ಮತ್ತೆ ಸಿಕ್ಕಿಕೊಳ್ಳುತ್ತೀರಿ.

ಹಣ ವಾಪಸ್ ಬಂದಿದ್ದು ಗುರುತಿಸುವಲ್ಲಿಯೂ ಎಡವುತ್ತಾರೆ. ಬ್ಯಾಂಕು ತಾನೇ ಮರಳಿಸಿದರೆ ಸಾಮಾನ್ಯವಾಗಿ ಕಡಿತದ ಸಂಖ್ಯೆಯೇ ಜಮೆಯ ಸಾಲಿನಲ್ಲೂ ಇರುತ್ತದೆ. ಅಂಗಡಿಯಿಂದ ಹಾಕಿದ ರಿಫಂಡ್‌ಗೆ ಬೇರೆ ಸಂಖ್ಯೆ. ಆದ್ದರಿಂದ “ರಿಫಂಡ್ ಮಾಡಿದ್ದೀವಿ” ಎಂದು ಅಂಗಡಿಯವರು ಹೇಳಿದಾಗ ಆ ರಿಫಂಡಿನ ರೆಫರೆನ್ಸ್ ಸಂಖ್ಯೆ ಕೇಳಿ ಪಡೆಯಿರಿ. ಹಳೆಯ ಸಂಖ್ಯೆ ಹಿಡಿದು ಹುಡುಕುತ್ತಾ, ಬಂದ ಹಣವನ್ನೇ ಬಂದಿಲ್ಲ ಎನ್ನುವವರನ್ನು ಕಂಡಿದ್ದೇನೆ.

ಗಡುವು ದಾಟಿಯೂ ಹಣ ಬಾರದಿದ್ದರೆ ಮೊದಲು ಆ್ಯಪ್‌ನಲ್ಲಿ ಅದೇ ವಹಿವಾಟನ್ನು ತೆರೆದು ದೂರು ದಾಖಲಿಸಿ, ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಆಮೇಲೆ ಖಾತೆಯಿರುವ ಬ್ಯಾಂಕಿಗೆ ಲಿಖಿತ ದೂರು ಕೊಡಿ. 12 ಅಂಕಿಯ ಸಂಖ್ಯೆ, ದಿನಾಂಕ, ಮೊತ್ತ, ‘ಅಂಗಡಿಗೆ ಪಾವತಿ ಖಚಿತವಾಗಿಲ್ಲ’ ಎಂಬ ಅಂಗಡಿಯವರ ಇಮೇಲ್ ಇವಿಷ್ಟಿದ್ದರೆ ಶಾಖೆಯಲ್ಲಿ ಮಾತು ಬೆಳೆಯುವುದಿಲ್ಲ. ಆ ಇಮೇಲ್ ಬೇಕೆಂದು ಕೇಳಿದವರಿಗೆ ನಾನು ತಕ್ಷಣ ಕಳಿಸುತ್ತೇನೆ. ದೂರು ಹೇಳಲು ಬ್ಯಾಂಕಿನ ಫೋನ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂದೆಯೋ ಇರುವುದಕ್ಕೇ ಮಾಡಿ. ಹಣ ಪಡೆಯಲು ಪಿನ್ ಒತ್ತಿ ಎಂದವನು ಕಳ್ಳ. ಬರುವ ಹಣಕ್ಕೆ ಪಿನ್ ಬೇಕಿಲ್ಲ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು, ಅದಕ್ಕೆ ಶುಲ್ಕವಿಲ್ಲ. ಬ್ಯಾಂಕಿಗೆ ಮೊದಲು ದೂರು ಕೊಟ್ಟ ದಾಖಲೆ ಇಲ್ಲದೆ ನೇರ ಅಲ್ಲಿಗೆ ಹೋದರೆ ಅರ್ಜಿ ವಾಪಸ್ ಬರುತ್ತದೆ.