ಟೂರ್ ಅಡ್ವಾನ್ಸ್ ಲೆಕ್ಕ ಒಪ್ಪಿಸುವ ಪತ್ರ ಹೀಗೆ ಬರೆಯಿರಿ

ಕಂಪನಿಯಿಂದ ನಗದು ಅಡ್ವಾನ್ಸ್ ಪಡೆದು ಟೂರ್ ಹೋದವರು ವಾಪಸ್ ಬಂದ ಮೇಲೆ ಜೇಬಲ್ಲಿ ಉಳಿದ ನೋಟು ಎಣಿಸುತ್ತಾರೆ. ಅದನ್ನೇ ಉಳಿಕೆ ಹಣ ಎಂದು ಪತ್ರದಲ್ಲಿ ಬರೆಯುತ್ತಾರೆ. ಅಕೌಂಟ್ಸ್ ಟೇಬಲ್ಲಿನಲ್ಲಿ ಕೂತ ನನಗೆ ಇಂಥ ಪತ್ರಗಳು ಬರುತ್ತಲೇ ಇರುತ್ತವೆ. ಬಿಲ್ಲುಗಳ ಮೊತ್ತ ಒಂದು, ಹಣ ಇನ್ನೊಂದು. ಪತ್ರ ವಾಪಸ್ ಹೋಗುತ್ತದೆ, ಅಡ್ವಾನ್ಸ್ ಅವರ ಹೆಸರಿನಲ್ಲೇ ಬಾಕಿ ಉಳಿಯುತ್ತದೆ. ಕೆಲವು ಕಡೆ ಸಂಬಳದಲ್ಲಿ ಹಿಡಿದೂ ಬಿಡುತ್ತಾರೆ.

ಒಂದು ಉದಾಹರಣೆ ಹಿಡಿದು ಹೋಗೋಣ. ಮೈಸೂರಿನ ಕಂಪನಿಯೊಂದರ ಸರ್ವಿಸ್ ಎಂಜಿನಿಯರ್ ಪಂಪ್ ರಿಪೇರಿಗೆ ಬೆಳಗಾವಿಗೆ ಹೋದರು ಎಂದುಕೊಳ್ಳಿ. ಎರಡು ರಾತ್ರಿ ಅಲ್ಲಿ ಉಳಿದರು. ಹೊರಡುವಾಗ ಪಡೆದ ನಗದು 10,000 ರೂಪಾಯಿ.

ಮೊದಲು ಬಿಲ್ಲುಗಳು

ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ, ಪ್ರತಿಯೊಂದರ ಮೇಲೂ ಪೆನ್ನಿನಿಂದ ನಂಬರ್ ಹಾಕಿ. ಹೋಟೆಲಿನ ಚಿಕ್ಕ ಬಿಲ್ಲುಗಳನ್ನು ಎ4 ಹಾಳೆಗೆ ಒಂದರ ಮೇಲೊಂದು ಬರದಂತೆ ಅಂಟಿಸಿ. ಅಂಟು ಬಿಲ್ಲಿನ ಮೇಲಂಚಿಗೆ ಮಾತ್ರ ಇರಲಿ. ದಯವಿಟ್ಟು ಸೆಲೋ ಟೇಪ್ ಬೇಡ. ಮೆಷಿನ್‌ನಿಂದ ಬರುವ ನುಣುಪು ಕಾಗದದ ಬಿಲ್ಲಿನ ಮೇಲೆ ಟೇಪ್ ಅಂಟಿಸಿದರೆ ಅಕ್ಷರ ಮಾಸುತ್ತದೆ, ಆಡಿಟ್ ಹೊತ್ತಿಗೆ ಖಾಲಿ ಚೀಟಿ ಉಳಿಯುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೂ ಅದೇ ಕಥೆ. ಊರಿಗೆ ಬಂದ ದಿನವೇ ಇವುಗಳ ಜೆರಾಕ್ಸ್ ಮಾಡಿಸಿ, ಮೂಲ ಬಿಲ್ಲಿನ ಜೊತೆಗೇ ಇಡಿ.

ಆಟೋಗೆ ಬಿಲ್ ಸಿಗುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಅದಕ್ಕೆ ನೀವೇ ಸಹಿ ಮಾಡಿದ ಒಂದು ಹಾಳೆ ಸಾಕು. ಆದರೆ 'ಲೋಕಲ್ ಓಡಾಟ 420' ಎಂದು ಒಂದೇ ಸಾಲು ಬರೆದರೆ ಯಾರೂ ಒಪ್ಪುವುದಿಲ್ಲ. ಯಾವ ದಿನ, ಎಲ್ಲಿಂದ ಎಲ್ಲಿಗೆ, ಎಷ್ಟು ಎಂದು ಬಿಡಿಬಿಡಿಯಾಗಿ ಬರೆಯಿರಿ. 'ಲಾಡ್ಜ್‌ನಿಂದ ಉದ್ಯಮಬಾಗ್, 150' ಎಂಬಂತೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಖಾಲಿ ಬಿಲ್ ಬುಕ್ ತಂದು ತುಂಬಿಸುವ ಕೆಲಸವಂತೂ ಬೇಡವೇ ಬೇಡ. 150 ರೂಪಾಯಿಯ ಆಟೋಗೆ ನಿಮ್ಮ ಮಾತು ನಡೆಯುತ್ತದೆ. ಸುಳ್ಳು ಬಿಲ್ ಸಿಕ್ಕಿಬಿದ್ದರೆ ಕೆಲಸಕ್ಕೇ ಕುತ್ತು.

ಈಗ ಲೆಕ್ಕ. ನಿಧಾನವಾಗಿ ಮಾಡಿ

ನಮ್ಮ ಎಂಜಿನಿಯರ್ ಖರ್ಚು ಹೀಗಿದೆ. ಹೋಗುವ ಬಸ್ 1,180. ಲಾಡ್ಜ್ ಎರಡು ರಾತ್ರಿಗೆ 2,800. ಊಟ ತಿಂಡಿ 1,065. ಆಟೋ 420. ಅಲ್ಲೇ ಅಂಗಡಿಯಲ್ಲಿ ಕೊಂಡ ಪಂಪಿನ ಸೀಲ್ 640. ಬರುವ ಬಸ್ 1,180. ಒಟ್ಟು 7,285. ಅಡ್ವಾನ್ಸ್ 10,000ದಲ್ಲಿ ಇದನ್ನು ಕಳೆದರೆ 2,715. ವಾಪಸ್ ಕೊಡಬೇಕಾದದ್ದು ಇಷ್ಟೇ.

ಆದರೆ ಅವರ ಪರ್ಸಿನಲ್ಲಿ ಇರುವುದು 5,465 ರೂಪಾಯಿ! ಗೊಂದಲ ಶುರುವಾಗುವುದು ಇಲ್ಲೇ.

ಕಾರಣ ಎರಡು. ಎರಡೂ ಬಸ್ ಟಿಕೆಟ್ ಮತ್ತು ಸೀಲ್, ಒಟ್ಟು 3,000 ರೂಪಾಯಿ, ಅವರ ಸ್ವಂತ ಖಾತೆಯಿಂದ ಯುಪಿಐನಲ್ಲಿ ಹೋಗಿದೆ. ಅಷ್ಟು ನಗದು ಖರ್ಚಾಗದೆ ಪರ್ಸಿನಲ್ಲೇ ಉಳಿದಿದೆ. ಅದು ಈಗ ಅವರದೇ ಹಣ, ಅದನ್ನು ತೆಗೆದು ಪಕ್ಕಕ್ಕಿಡಬೇಕು. ಎರಡನೆಯದು, ಬೆಳಗಾವಿಯಿಂದ ಹೊರಡುವ ದಿನ ಮನೆಗೆಂದು 250 ರೂಪಾಯಿಯ ಕುಂದಾ ಕಟ್ಟಿಸಿಕೊಂಡಿದ್ದಾರೆ. ಅದನ್ನು ಕೊಟ್ಟಿದ್ದು ಅಡ್ವಾನ್ಸ್ ಹಣದಿಂದ. ಅದು ಕಂಪನಿ ಖರ್ಚಲ್ಲ, ಆದ್ದರಿಂದ 250 ತಮ್ಮ ಕೈಯಿಂದ ಸೇರಿಸಬೇಕು. 5,465ರಲ್ಲಿ 3,000 ತೆಗೆದು 250 ಸೇರಿಸಿದರೆ ಬರುವುದು 2,715. ಎರಡು ದಾರಿಯಲ್ಲೂ ಒಂದೇ ಉತ್ತರ ಬಂತು, ಅಂದರೆ ನಗದು ಕೊಟ್ಟ ಯಾವ ಬಿಲ್ಲೂ ಬಿಟ್ಟುಹೋಗಿಲ್ಲ. ಹೊಂದದಿದ್ದರೆ ಪತ್ರ ಬರೆಯಲು ಕೂರಬೇಡಿ. ಮೊದಲು ಯುಪಿಐ ಹಿಸ್ಟರಿ ತೆಗೆದು ದಿನದಿನದ್ದೂ ನೋಡಿ.

ಪರ್ಸಿನಲ್ಲಿದ್ದದ್ದನ್ನು ಪೂರ್ತಿ ಕಟ್ಟಿ, ಆಮೇಲೆ 'ನನ್ನ 3,000 ಕೊಡಿ' ಎಂದು ಬೇರೆ ಕ್ಲೇಮ್ ಹಾಕುವವರೂ ಇದ್ದಾರೆ. ಒಂದೇ ಟೂರಿಗೆ ಎರಡು ಕಡತ ಆಗುತ್ತದೆ. ಸುಮ್ನೆ ತಲೆನೋವು, ಹಾಗೆ ಮಾಡಬೇಡಿ.

ಕುಂದಾ ಊಟದ ಬಿಲ್ಲಿನಲ್ಲೇ ಸೇರಿದೆ ಅನ್ನಿ. ಬಿಲ್ 395, ಅದರಲ್ಲಿ ಊಟ 145. ಬಿಲ್ಲನ್ನು ತಿದ್ದಬಾರದು, ಹರಿಯಬಾರದು. ಪಕ್ಕದಲ್ಲಿ 'ಇದರಲ್ಲಿ 250 ಸ್ವಂತ ಖರ್ಚು, ಕ್ಲೇಮ್ 145' ಎಂದು ಬರೆದು ಸಹಿ ಹಾಕಿ. ನೋಡುವವರಿಗೆ ಆಗ ಪ್ರಶ್ನೆಯೇ ಇರುವುದಿಲ್ಲ.

ಸೀಲ್ ಪ್ರಯಾಣದ ಖರ್ಚಲ್ಲ, ಬಿಡಿಭಾಗದ ಖರ್ಚು. ಅದನ್ನು ಪಟ್ಟಿಯ ಕೊನೆಯಲ್ಲಿ ಬೇರೆ ಸಾಲಿನಲ್ಲಿ ತೋರಿಸಿ. ಬಿಲ್ ಕಂಪನಿ ಹೆಸರಿಗೆ ಇರಬೇಕು. ಅಂಗಡಿಯಲ್ಲಿ ನಿಂತಾಗಲೇ ಕಂಪನಿಯ ಜಿಎಸ್‌ಟಿ ನಂಬರ್ ಕೊಟ್ಟು ಬರೆಸಿಕೊಳ್ಳಿ, ಆಮೇಲೆ ಬದಲಿಸಿಕೊಡಿ ಅಂದರೆ ಅಂಗಡಿಯವರು ಒಪ್ಪುವುದು ಕಷ್ಟ. ಆಫೀಸೇ ಬುಕ್ ಮಾಡಿಕೊಟ್ಟ ಟಿಕೆಟ್ ಇದ್ದರೆ ಅದರ ಹಣವನ್ನು ಪಟ್ಟಿಗೆ ಸೇರಿಸಬೇಡಿ.

ಮೊದಲು ಹಣ ಕಟ್ಟಿ, ಆಮೇಲೆ ಪತ್ರ

ನನ್ನ ಸಲಹೆ ಇದೇ. ಬಹಳ ಜನ ಪತ್ರಕ್ಕೆ ನೋಟು ಪಿನ್ ಮಾಡಿ ಕವರಿನಲ್ಲಿ ಹಾಕಿ ಕಳಿಸುತ್ತಾರೆ. ಕವರ್ ಮೂರು ಟೇಬಲ್ ದಾಟುತ್ತದೆ. ಒಂದು ನೋಟು ಕಡಿಮೆ ಬಂದರೆ ಯಾರನ್ನು ಕೇಳುತ್ತೀರಿ? ನೀವೇ ಕ್ಯಾಷಿಯರ್ ಹತ್ತಿರ ಹೋಗಿ, ಎದುರಲ್ಲೇ ಎಣಿಸಿ ಕೊಟ್ಟು ರಸೀದಿ ಪಡೆಯಿರಿ. ಅಕೌಂಟೆಂಟ್ ಸ್ನೇಹಿತರೇ ಆಗಿದ್ದರೂ ಅವರ ಸ್ವಂತ ಫೋನ್ ನಂಬರಿಗೆ ಹಣ ಹಾಕಬೇಡಿ. ರಸೀದಿ ಕೈಯಲ್ಲಿದ್ದರೆ ಪತ್ರದಲ್ಲಿ 'ಕಟ್ಟುತ್ತೇನೆ' ಎನ್ನುವ ಬದಲು 'ಕಟ್ಟಿದ್ದೇನೆ' ಎಂದು ನಂಬರ್ ಸಮೇತ ಬರೆಯಬಹುದು.

ಪತ್ರ ಒಂದು ಪುಟ ದಾಟಬಾರದು. ಬೆಳಗಾವಿಯಲ್ಲಿ ಏನೇನು ಕೆಲಸ ಆಯಿತು ಎಂಬುದು ಟೂರ್ ರಿಪೋರ್ಟಿಗೆ ಇರಲಿ, ಇಲ್ಲಿ ಬೇಡ. ಮಾದರಿ ಹೀಗಿದೆ:

> ಇಂದ: (ಹೆಸರು, ಹುದ್ದೆ, ನೌಕರರ ಸಂಖ್ಯೆ)
> ಗೆ: ಮ್ಯಾನೇಜರ್, ಅಕೌಂಟ್ಸ್ ವಿಭಾಗ
> ಮೂಲಕ: ಸರ್ವಿಸ್ ವಿಭಾಗದ ಮುಖ್ಯಸ್ಥರು
>
> ವಿಷಯ: ಬೆಳಗಾವಿ ಪ್ರವಾಸದ ಮುಂಗಡ 10,000 ರೂ. ಲೆಕ್ಕ ಒಪ್ಪಿಸುವ ಬಗ್ಗೆ
> ಉಲ್ಲೇಖ: ಮುಂಗಡ ವೋಚರ್ ಸಂಖ್ಯೆ ____, ದಿನಾಂಕ ____
>
> ಮಾನ್ಯರೇ,
>
> ಮೇಲಿನ ವೋಚರ್ ಮೂಲಕ ನಾನು 10,000 ರೂ. ನಗದು ಮುಂಗಡ ಪಡೆದಿದ್ದೆ. ಇದರಲ್ಲಿ 7,285 ರೂ. ಖರ್ಚಾಗಿದ್ದು, ವಿವರವನ್ನು ಜೊತೆಗಿರುವ ಪಟ್ಟಿಯಲ್ಲಿ ಕೊಟ್ಟಿದ್ದೇನೆ. ಆಟೋ ಬಾಡಿಗೆ 420 ರೂ.ಗೆ ರಸೀದಿ ಇಲ್ಲದ ಕಾರಣ ನನ್ನ ಸ್ವಯಂ ಘೋಷಣೆ ಲಗತ್ತಿಸಿದ್ದೇನೆ. ಉಳಿದ 2,715 ರೂ. (ಎರಡು ಸಾವಿರದ ಏಳುನೂರ ಹದಿನೈದು ರೂಪಾಯಿ ಮಾತ್ರ) ನಗದನ್ನು ದಿನಾಂಕ ____ರಂದು ಕಟ್ಟಿದ್ದೇನೆ. ರಸೀದಿ ಸಂಖ್ಯೆ ____.
>
> ಲೆಕ್ಕವನ್ನು ಪರಿಶೀಲಿಸಿ, ನನ್ನ ಹೆಸರಿನಲ್ಲಿರುವ ಮುಂಗಡವನ್ನು ಚುಕ್ತಾ ಮಾಡಬೇಕೆಂದು ಕೋರುತ್ತೇನೆ.
>
> ಇತಿ ತಮ್ಮ ವಿಶ್ವಾಸಿ,
> (ಸಹಿ, ದಿನಾಂಕ)
>
> ಲಗತ್ತು: ಖರ್ಚಿನ ಪಟ್ಟಿ, ಬಿಲ್ಲುಗಳು, ಸ್ವಯಂ ಘೋಷಣೆ, ನಗದು ರಸೀದಿಯ ಪ್ರತಿ

ವೋಚರ್ ನಂಬರ್ ಬಿಡಲೇಬೇಡಿ. ನಿಮ್ಮ ಹೆಸರಿನಲ್ಲಿ ಹಳೆಯ ಅಡ್ವಾನ್ಸ್ ಇನ್ನೊಂದಿದ್ದರೆ, ಈ ಲೆಕ್ಕ ಯಾವುದಕ್ಕೆ ಸೇರಿದ್ದು ಎಂದು ತಿಳಿಯಲು ನಮಗಿರುವ ಗುರುತು ಅದೊಂದೇ.

ಖರ್ಚಿನ ಪಟ್ಟಿಯಲ್ಲಿ ಬಿಲ್ ನಂಬರ್, ತಾರೀಖು, ವಿವರ, ಮೊತ್ತ ಇದ್ದರೆ ಸಾಕು. ಯುಪಿಐ ಮೂಲಕ ಕೊಟ್ಟದ್ದರ ಮುಂದೆ ಹಾಗೆಂದು ಗುರುತು ಮಾಡಿ. 'ಇತರೆ' ಎಂಬ ಸಾಲು ಇರಲೇಬಾರದು.

ಪತ್ರದ ಎರಡು ಪ್ರತಿ ಮಾಡಿ. ಮೇಲಧಿಕಾರಿಯ ಸಹಿ ಆದ ಮೇಲೆ ಒಂದನ್ನು ಅಕೌಂಟ್ಸ್‌ಗೆ ಕೊಟ್ಟು, ಇನ್ನೊಂದರ ಮೇಲೆ ಸೀಲ್ ಮತ್ತು ತಾರೀಖು ಹಾಕಿಸಿಕೊಳ್ಳಿ. ತಿಂಗಳ ಕೊನೆಗೆ ಒಮ್ಮೆ ಹೋಗಿ, ನಿಮ್ಮ ಹೆಸರಿನ ಅಡ್ವಾನ್ಸ್ ಖಾತೆಯಲ್ಲಿ ಬಾಕಿ ಸೊನ್ನೆ ಆಗಿದೆಯೇ ಎಂದು ಕೇಳಿ ನೋಡಿ. ಆಗಿಲ್ಲದಿದ್ದರೆ ಆ ಎರಡನೇ ಪ್ರತಿ ಮತ್ತು ರಸೀದಿ ತೋರಿಸಿ.